ಅಂಗಳದ ಒರಳು ಯಾಕೆ ಜಾರ್ತಿದೆ?

ಪ್ರಶಾಂತ: ತೀರ್ಥಹಳ್ಳಿ ಮನೆ ಅಂಗಳದ ವಿಡಿಯೋಗೆ 3D ಸಾಫ್ಟ್‌ವೇರ್ ಬ್ಲೆಂಡರ್‌ನಲ್ಲಿ ಮಾಡಿದ ಕಲ್ಲಿನ ಒರಳು ಕೂರಿಸಿದ್ದೀನಿ. ನೋಡಿ ಹೇಳಿ.

ಸುಮಾ: ಒರಳೇನೋ ಚೆನ್ನಾಗಿದೆ, ಆದ್ರೆ ಜಾರ್ತಿದೆ. ಪಕ್ಕದ ಚಪ್ಪಡಿ ಸಂದು ನೋಡು. ಶುರುವಿನಲ್ಲಿ ಬುಡಕ್ಕೆ ತಾಗಿದೆ, ಎಂಟನೇ ಸೆಕೆಂಡಿಗೆ ನಡುವೆ ಎರಡು ಬೆರಳು ಜಾಗ.

ಪ್ರಶಾಂತ: ಸಾಧ್ಯವೇ ಇಲ್ಲ ಮಾರಾಯ್ತಿ. ಕ್ಯಾಮೆರಾ ಚಲನೆ ಲೆಕ್ಕದ ತಪ್ಪು, ಅಂದ್ರೆ Solve error, ಬರೀ 0.38 ಪಿಕ್ಸೆಲ್ ಬಂದಿದೆ.

ಸುಮಾ: ಆ ಅಂಕಿ ಟ್ರ್ಯಾಕ್ ಮಾಡಿದ ಚುಕ್ಕಿಗಳದ್ದು ಮಾತ್ರ. ಒರಳಿನ ಬುಡ ನಿಜವಾದ ನೆಲಕ್ಕೆ ತಾಗಿದೆಯೋ ಇಲ್ವೋ ಅಂತ ಅದು ಹೇಳಲ್ಲ. ಒಂದು ಪರೀಕ್ಷೆ ಮಾಡು: ನೆಲದ ಮೂರ್ನಾಲ್ಕು ಚುಕ್ಕಿಗಳ ಮೇಲೆ ಸಣ್ಣ ಕೋನ್ ಇಟ್ಟು ವಿಡಿಯೋ ಓಡಿಸು. ಕೋನ್‌ಗಳೂ ಜಾರಿದ್ರೆ ಟ್ರ್ಯಾಕಿಂಗ್ ತಪ್ಪು. ಅವು ಅಂಟಿಕೊಂಡು ಒರಳು ಮಾತ್ರ ಜಾರಿದ್ರೆ ಎತ್ತರ ತಪ್ಪು.

ಪ್ರಶಾಂತ: ಕೋನ್‌ಗಳು ಅಲ್ಲಾಡ್ತಿಲ್ಲ.

ಸುಮಾ: ಸರಿ, ಕ್ಯಾಮೆರಾ ಬಲಕ್ಕೆ ಹೋದಾಗ ಒರಳು ನೆಲದ ಮೇಲೆ ಎಡಕ್ಕೆ ಜಾರುತ್ತೆ, ಅಂದ್ರೆ ಅದು ತೇಲ್ತಿದೆ. ನೆಲದೊಳಗೆ ಹೂತಿದ್ರೆ ಬಲಕ್ಕೆ ಜಾರ್ತಿತ್ತು. ನೆಲ ಯಾವುದು ಅಂತ ತೋರಿಸೋ Floor ಕೊಡೋಕೆ ಯಾವ ಮೂರು ಚುಕ್ಕಿ ಆರಿಸಿದ್ದೆ?

ಪ್ರಶಾಂತ: ಎರಡು ಅಂಗಳದ ತುದೀಲಿ, ಒಂದು ಜಗಲಿ ಮೆಟ್ಟಿಲ ಅಂಚಲ್ಲಿ. ಅಲ್ಲಿ ಗುರುತು ಸ್ಪಷ್ಟವಾಗಿತ್ತು.

ಸುಮಾ: ಅಲ್ಲೇ ಆಗಿದ್ದು. ಮೆಟ್ಟಿಲು ನೆಲಕ್ಕಿಂತ ಮೇಲಿದೆ, ಹಾಗಾಗಿ ನಿನ್ನ ನೆಲ ಓರೆಯಾಯ್ತು. ಮೇಲಾಗಿ ನಮ್ಮ ಕಡೆ ಅಂಗಳಕ್ಕೆ ಮಳೆನೀರು ಹರಿಯೋಕೆ ಇಳಿಜಾರು ಇಟ್ಟೇ ಇರ್ತಾರೆ. ಒರಳಿನ ಸುತ್ತ ಒಂದು ಗಜದೊಳಗೆ, ಚಪ್ಪಡಿ ಮೂಲೆಗಳಲ್ಲಿ ಮೂರು ಚುಕ್ಕಿ ಕೈಯಿಂದ ಇಟ್ಟು ಟ್ರ್ಯಾಕ್ ಮಾಡು, ಮತ್ತೆ solve ಮಾಡಿ, ಆ ಮೂರಕ್ಕೇ Floor ಕೊಡು. ನೀರು ನಿಂತ ಕಡೆಯ ಹೊಳಪನ್ನ ಮಾತ್ರ ಹಿಡೀಬೇಡ, ಅದು ಕ್ಯಾಮೆರಾ ಜೊತೆಗೇ ಸರಿಯುತ್ತೆ.

ವಿನಯ: ನನ್ನ ತಕರಾರು ನೆರಳಿಂದು. ಮೋಡ ಕವಿದ ದಿನ ತೆಗೆದ ವಿಡಿಯೋದಲ್ಲಿ ಒರಳಿಗೆ ಕತ್ತರಿಸಿದ ಹಾಗೆ ನೆರಳು ಯಾಕೆ?

ಪ್ರಶಾಂತ: Sun ದೀಪ ತೆಗೆದ್ರೆ ಒರಳು ಚಪ್ಪಟೆಯಾಗಿ, ಅಂಟಿಸಿದ ಹಾಗೆ ಕಾಣುತ್ತೆ ಮಾರಾಯ.

ವಿನಯ: ನಿನ್ನ ವಿಡಿಯೋದಲ್ಲೇ ಬಾವಿಕಟ್ಟೆ ಹತ್ರ ಬಕೆಟ್ ಇದೆ, ಅದನ್ನ ದೊಡ್ಡದು ಮಾಡಿ ನೋಡು. ಪಕ್ಕಕ್ಕೆ ಚಾಚಿದ ನೆರಳೇ ಇಲ್ಲ. ಬುಡ ನೆಲಕ್ಕೆ ತಾಗುವಲ್ಲಿ ಸಣ್ಣ ಕಪ್ಪು ಗೆರೆ, ಅಲ್ಲಿಂದ ಒಂದು ಗೇಣಿನೊಳಗೆ ಮಾಸಿ ಹೋಗುತ್ತೆ. ಬೆಳಕು ಇಡೀ ಆಕಾಶದಿಂದ ಬರ್ತಿದೆಯಲ್ಲ. Sun ತೆಗೆದು World ಗೆ ಮೋಡದ ದಿನದ್ದೇ ಆಕಾಶದ ಬೆಳಕಿನ ಚಿತ್ರ, ಅಂದ್ರೆ HDRI, ಹಾಕು. ನೆಲದ ಹಾಳೆಗೆ ನೆರಳು ಮಾತ್ರ ಹಿಡಿಯೋ Shadow Catcher, ರೆಂಡರ್‌ಗೆ ಹಿನ್ನೆಲೆ ಖಾಲಿ ಬಿಡೋ Film Transparent. ಆಮೇಲೆ ಒರಳಿನ ಬುಡದ ಕಪ್ಪನ್ನ ಬಕೆಟ್ ಬುಡದ ಕಪ್ಪಿನ ಜೊತೆ ಹೋಲಿಸು.

ಪ್ರಶಾಂತ: ಅದನ್ನೂ ಮಾಡಿ ನೋಡಿದ್ದೆ. ಬುಡದಲ್ಲಿ ಕಪ್ಪು ಗೆರೆ ಬರಲೇ ಇಲ್ಲ, ಅದಕ್ಕೇ Sun ಹಾಕಿದ್ದು.

ಸುಮಾ: ತೇಲ್ತಿದ್ರೆ ಹೇಗೆ ಬರುತ್ತೆ? ಅಡಿಯಲ್ಲಿ ಸಂದು ಇದೆ, ಅದರೊಳಗೆ ಬೆಳಕು ನುಗ್ಗುತ್ತೆ. ಮೊದಲು ನೆಲ ಸರಿಮಾಡು, ಆಮೇಲೆ ಬೆಳಕು ಮುಟ್ಟು.

ಪ್ರಶಾಂತ: ಹೊಸ ಚುಕ್ಕಿ ಇಟ್ಟೆ. error 0.52 ಆಯ್ತು, ಮೊದಲಿಗಿಂತ ಜಾಸ್ತಿ. ಆದ್ರೆ ಸಂದು ಬುಡ ಬಿಟ್ಟು ಕದಲ್ತಿಲ್ಲ, ಗೆರೆನೂ ಬಂತು. ರೆಂಡರ್‌ಗೆ ಇಟ್ಟಿದ್ದೀನಿ.