ಒಮ್ಮೆ ಬೇಡ ಎಂದ ಕಂಪನಿಗೇ ಮತ್ತೆ ಅರ್ಜಿ: ಅನುಭವ ಇದ್ದವರು ಹೇಳಿ

ಕೇಳಿದವರು: 14 ತಿಂಗಳ ಹಿಂದೆ ಹುಮನಾಬಾದ್ ಕಡೆಯ ಒಂದು ಔಷಧ ಕಂಪನಿಯಲ್ಲಿ ಕ್ಯೂಸಿ, ಅಂದರೆ ಔಷಧದ ಗುಣಮಟ್ಟ ಪರೀಕ್ಷಿಸುವ ಕೆಲಸಕ್ಕೆ ಇಂಟರ್‌ವ್ಯೂ ಕೊಟ್ಟಿದ್ದೆ. ಆಗಷ್ಟೇ ಬಿ.ಎಸ್ಸಿ. ಮುಗಿದಿತ್ತು. ಔಷಧದ ಅಂಶ ಅಳೆಯೋ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಆರ್‌ಎಸ್‌ಡಿ, ಅಂದರೆ ಒಂದೇ ದ್ರಾವಣದ ಫಲಿತಾಂಶಗಳ ನಡುವಿನ ಏರುಪೇರು, ಜಾಸ್ತಿ ಬಂದರೆ ಏನು ಮಾಡ್ತೀಯ ಅಂದರು. "ಇನ್ನೊಮ್ಮೆ ಇಂಜೆಕ್ಟ್ ಮಾಡ್ತೀನಿ ಸರ್" ಅಂದೆ. ಕೆಲಸ ಸಿಗಲಿಲ್ಲ. ಈಗ ಒಂದು ವರ್ಷದಿಂದ ಸಣ್ಣ ಲ್ಯಾಬ್ ಒಂದರಲ್ಲಿದ್ದೇನೆ. ಆ ಔಷಧ ಕಂಪನಿಯಲ್ಲೇ ಮತ್ತೆ ಜಾಗ ಖಾಲಿ ಇದೆ. ಬದಲಾಗಿದ್ದೇನೆ ಅಂತ ಹೇಗೆ ತೋರಿಸಲಿ?

ಸಿಮೆಂಟ್ ಫ್ಯಾಕ್ಟರಿಯವರು, ಸೇಡಂ: ಆರು ತಿಂಗಳು ದಾಟಿದೆ ಅಲ್ವಾ, ಧಾರಾಳವಾಗಿ ಹಾಕಿ. ಹೊಸ ಮೇಲ್ ಐಡಿ, ಹೊಸ ನಂಬರ್ ಕೊಡಿ. ಹಳೇ ಕಥೆ ಯಾಕೆ ಬೇಕು?

ಕ್ಯೂಸಿಯಲ್ಲಿ 17 ವರ್ಷ, ಬೀದರ್: ಕಾದಿದ್ದು ಸರಿ ಅಣ್ಣಾ, ಮೇಲ್ ಐಡಿ ಬದಲಿಸೋದು ಬೇಡ. "ಮೊದಲು ಅರ್ಜಿ ಹಾಕಿದ್ದೀರಾ?" ಅಂತ ಎಷ್ಟೋ ಫಾರ್ಮ್‌ಗಳಲ್ಲೇ ಕೇಳಿರುತ್ತಾರೆ. ಇಲ್ಲ ಅಂತ ಬರೆದು, ಹೆಸರು ಮತ್ತು ಹುಟ್ಟಿದ ತಾರೀಖಿನಿಂದ ಸಿಕ್ಕಿಬಿದ್ದರೆ ಮುಗೀತು. ದಾಖಲೆಯಲ್ಲಿ ಸುಳ್ಳು ಬರೆಯೋ ಹುಡುಗನನ್ನು ಕ್ಯೂಸಿಗೆ ಯಾರು ತಗೋತಾರೆ?

ತಮ್ಮಾ, ನಿನ್ನ ಉತ್ತರದಿಂದ ಅವರಿಗೆ ಏನು ಕೇಳಿಸಿರಬಹುದು ಯೋಚಿಸು. ಸರಿಯಾದ ಅಂಕಿ ಬರೋತನಕ ಹೊಡೀತಾ ಹೋಗೋ ಹುಡುಗ ಅಂತ. ನಮ್ಮ ಕೆಲಸದಲ್ಲಿ ಅದು ದೊಡ್ಡ ತಪ್ಪು. ಪ್ರತಿ ಇಂಜೆಕ್ಷನ್ನೂ ಟೈಮ್ ಸಮೇತ ಸಾಫ್ಟ್‌ವೇರ್‌ನಲ್ಲಿ ಉಳಿಯುತ್ತೆ, ಆಡಿಟ್‌ಗೆ ಬಂದವರು ಮೊದಲು ಹುಡುಕೋದೇ ಅದನ್ನ. ಹಾಗಾಗಿ ಇನ್ನೊಂದು ಕೋರ್ಸ್ ಸರ್ಟಿಫಿಕೇಟ್ ತಗೊಂಡು ಹೋದರೆ ಆ ಅನುಮಾನ ಹೋಗಲ್ಲ. ಅದೇ ಪ್ರಶ್ನೆಗೆ ಈ ವರ್ಷ ನೀನು ಕೈಯಾರೆ ಮಾಡಿದ್ದನ್ನು ಹೇಳಬೇಕು. ಅಂಥದ್ದು ಏನಾದರೂ ನಡೆದಿದೆಯಾ?

ಯಾದಗಿರಿಯಿಂದ: ನಾನೂ ಕಡೇಚೂರು ಕಡೆ ಒಂದು ಕಂಪನಿ ಬಿಟ್ಟು, ಎರಡು ವರ್ಷದ ಮೇಲೆ ಅಲ್ಲಿಗೇ ವಾಪಸ್ ಸೇರಿದೆ. ನೋಟಿಸ್ ಪೀರಿಯಡ್ ಪೂರ್ತಿ ಮಾಡಿದ್ದೆ, ಅದಕ್ಕೇ ತಗೊಂಡರು. ನೀವೂ ಅದನ್ನ ನೋಡಿಕೊಳ್ಳಿ.

ಕೇಳಿದವರು: ನಾನು ಅಲ್ಲಿ ಕೆಲಸಕ್ಕೇ ಸೇರಿರಲಿಲ್ಲ ಸರ್, ಇಂಟರ್‌ವ್ಯೂನಲ್ಲೇ ಆಗಲಿಲ್ಲ.

ಅಕ್ಕಾ, ನಡೆದಿದೆ. ಸ್ಟ್ಯಾಂಡರ್ಡ್‌ನ ಆರು ಇಂಜೆಕ್ಷನ್‌ಗಳಲ್ಲಿ ಆರ್‌ಎಸ್‌ಡಿ 3.1 ಬಂತು. ನಮ್ಮ ಮೆಥಡ್‌ನಲ್ಲಿ 2.0 ದಾಟುವ ಹಾಗಿಲ್ಲ, ದಾಟಿದರೆ ಸಿಸ್ಟಮ್ ಸೂಟಬಿಲಿಟಿ ಫೇಲ್. ನಿಲ್ಲಿಸಿ ಇನ್‌ಚಾರ್ಜ್‌ಗೆ ಹೇಳಿದೆ, ಲಾಗ್‌ಬುಕ್‌ನಲ್ಲಿ ಬರೆದೆ. ಗ್ರಾಫ್‌ನಲ್ಲಿ ಪೀಕ್ ಬರುವ ಟೈಮೂ ಹಿಂದೆ ಮುಂದೆ ಆಗ್ತಿತ್ತು, ಪ್ರೆಷರ್ ಏರಿಳಿತ ಇತ್ತು. ಪಂಪ್‌ನಲ್ಲಿ ಗಾಳಿ ಗುಳ್ಳೆ ಸೇರಿತ್ತು. ಪರ್ಜ್ ಮಾಡಿ ಗಾಳಿ ತೆಗೆದು, ಅನುಮತಿ ತಗೊಂಡು ಹೊಸದಾಗಿ ಓಡಿಸಿದೆವು. ಹಳೇ ಡೇಟಾ ಹಾಗೇ ಇದೆ.

ಲ್ಯಾಬ್ ಟ್ರೈನಿ, ಹುಮನಾಬಾದ್: ಆ ಲಾಗ್‌ಬುಕ್ ಪುಟದ ಫೋಟೋ ತೆಗೆದು ಇಂಟರ್‌ವ್ಯೂನಲ್ಲಿ ತೋರಿಸಿ ಅಣ್ಣಾ. ಅದಕ್ಕಿಂತ ದೊಡ್ಡ ಪುರಾವೆ ಇಲ್ಲ.

ಕ್ಯೂಸಿಯಲ್ಲಿ 17 ವರ್ಷ, ಬೀದರ್: ಫೋಟೋ ಖಂಡಿತ ಬೇಡ! ಈಗಿನ ಕಂಪನಿಯ ದಾಖಲೆ ಹೊರಗೆ ತಂದವನು ನಾಳೆ ನಮ್ಮದನ್ನೂ ತರ್ತಾನೆ ಅಂತ ಅವರು ಅಂದುಕೊಳ್ಳುತ್ತಾರೆ. ನಾನು ಇಂಟರ್‌ವ್ಯೂಗೆ ಕೂತಿದ್ದಾಗ ಒಬ್ಬ ಹುಡುಗ ಮೊಬೈಲ್‌ನಲ್ಲಿ ಕ್ರೊಮ್ಯಾಟೋಗ್ರಾಮ್ ತೋರಿಸಿದ. ಪಾಪ, ಚೆನ್ನಾಗಿ ಕಲಿತಿದ್ದ. ಅಲ್ಲಿಗೇ ಬಿಟ್ಟುಬಿಟ್ಟೆವು. ಪ್ರಾಡಕ್ಟ್ ಹೆಸರು, ಬ್ಯಾಚ್ ನಂಬರ್ ಕೂಡ ಬಾಯಿಗೆ ಬರಬಾರದು.

ನಿನ್ನ ಘಟನೆಯೇ ಸಾಕು ತಮ್ಮಾ. ಕೆಲಸ ನೀನೇ ಮಾಡಿದ್ದರೆ ಮುಂದಿನ ಪ್ರಶ್ನೆಗೂ ಉತ್ತರ ಇರುತ್ತೆ. "ಪೀಕ್ ಟೈಮ್ ಸರಿಯಾಗಿದ್ದು ಏರಿಯಾ ಮಾತ್ರ ಏರುಪೇರಾದರೆ?" ಅಂತ ಕೇಳೇ ಕೇಳ್ತಾರೆ. ಆಗ ಪಂಪ್‌ಗಿಂತ ಮೊದಲು ಇಂಜೆಕ್ಟರ್ ಕಡೆ ನೋಡಬೇಕು. ವಯಲ್‌ನಲ್ಲಿ ದ್ರಾವಣ ಕಡಿಮೆಯಾಗಿದೆಯಾ, ಸೂಜಿ ಕಟ್ಟಿದೆಯಾ, ಸೀಲ್ ಸವೆದಿದೆಯಾ ಅಂತ. ಇದನ್ನ ಲ್ಯಾಬ್‌ನಲ್ಲೇ ಒಮ್ಮೆ ಕೇಳಿ ತಿಳಕೋ.

ಕೇಳಿದವರು: ಮೇಲ್‌ನಲ್ಲಿ ಹೀಗೆ ಬರೆಯಲೇ? "ಕಳೆದ ವರ್ಷ ಇದೇ ಹುದ್ದೆಗೆ ಬಂದಿದ್ದೆ, ಆಗ ಎಚ್‌ಪಿಎಲ್‌ಸಿ ಮೇಲೆ ಕೆಲಸ ಮಾಡಿರಲಿಲ್ಲ. ಈಗ 12 ತಿಂಗಳಿಂದ ದಿನವೂ ಅದರ ಮೇಲೆ ಕೆಲಸ ಮಾಡುತ್ತಿದ್ದೇನೆ, ಸಿಸ್ಟಮ್ ಸೂಟಬಿಲಿಟಿ ಫೇಲಾದಾಗ ಕಾರಣ ಹುಡುಕಿ ದಾಖಲಿಸಿದ್ದೇನೆ."

ಕ್ಯೂಸಿಯಲ್ಲಿ 17 ವರ್ಷ, ಬೀದರ್: ಚೆನ್ನಾಗಿದೆ. "ಇನ್‌ಚಾರ್ಜ್‌ಗೆ ತಿಳಿಸಿ" ಅಂತ ಸೇರಿಸು. ಒಬ್ಬನೇ ತೀರ್ಮಾನ ತಗೊಳ್ಳಲ್ಲ ಅನ್ನೋದು ಅದರಲ್ಲೇ ಗೊತ್ತಾಗುತ್ತೆ.

ಎಚ್‌ಆರ್‌ನಲ್ಲಿದ್ದವರು, ಕಲಬುರಗಿ: ನಾನಾದರೆ ಹಳೇ ಇಂಟರ್‌ವ್ಯೂ ವಿಷಯ ಮೇಲ್‌ನಲ್ಲಿ ಎತ್ತಲ್ಲ. ಫಾರ್ಮ್‌ನಲ್ಲಿ "ಹೌದು" ಅಂತ ಹಾಕಿ, ಮಿಕ್ಕಿದ್ದು ಅವರು ಕೇಳಿದಾಗ ಹೇಳಿದರೆ ಸಾಕು. ಮೇಲ್ ಮೊದಲು ನೋಡೋದು ಎಚ್‌ಆರ್, ಕ್ಯೂಸಿಯವರಲ್ಲ. ಹೋದ ಸಲ ಆಗಿಲ್ಲ ಅನ್ನೋದನ್ನಷ್ಟೇ ಓದಿ ಪಕ್ಕಕ್ಕಿಟ್ಟರೆ?

ಕ್ಯೂಸಿಯಲ್ಲಿ 17 ವರ್ಷ, ಬೀದರ್: ಎಚ್‌ಆರ್ ಕಡೆ ನಿಮಗೆ ಹೆಚ್ಚು ಗೊತ್ತು. ಆದರೆ ನಮ್ಮ ಟೇಬಲ್‌ಗೆ ಬಂದ ಅರ್ಜಿಯಲ್ಲಿ ಅಂಥ ಎರಡು ಸಾಲು ಇದ್ದರೆ ನಾನಂತೂ ಕರೆಸ್ತೀನಿ.

ಕೇಳಿದವರು: ಫಾರ್ಮ್‌ನಲ್ಲಿ "ಹೌದು" ಅಂತ ಹಾಕ್ತೀನಿ. ಮೇಲ್‌ನ ಮೊದಲ ಸಾಲು ಇಡಲೋ ಬೇಡವೋ ರಾತ್ರಿ ಯೋಚಿಸ್ತೀನಿ. ನಾಳೆ ಸೂಜಿ, ಸೀಲ್ ಬಿಚ್ಚುವಾಗ ನನ್ನನ್ನೂ ಕರೀರಿ ಅಂತ ಇನ್‌ಚಾರ್ಜ್‌ಗೆ ಈಗಲೇ ಹೇಳಿದ್ದೀನಿ ಅಕ್ಕಾ.