ಅಪ್‌ಡೇಟ್: ಟಿಡಿಎಸ್ ವಿವರಪಟ್ಟಿಯ ವಿಳಂಬ ಶುಲ್ಕದ ನೋಟಿಸ್

ನನ್ನ ಮೊದಲ ಪ್ರಶ್ನೆ: “2013-14ರ ಮೂರನೇ ತ್ರೈಮಾಸಿಕದ ಟಿಡಿಎಸ್ ವಿವರಪಟ್ಟಿಯನ್ನು 40 ದಿನ ತಡವಾಗಿ ಸಲ್ಲಿಸಿದ್ದಕ್ಕೆ ₹8,000 ಶುಲ್ಕದ ನೋಟಿಸ್ ಬಂದಿದೆ. ತೆರಿಗೆಯನ್ನು ಸಕಾಲಕ್ಕೆ ಕಟ್ಟಿದ್ದೆ. ವಿನಾಯಿತಿ ಸಿಗುವುದೇ?”

ಆ ಬೇಡಿಕೆ ಈಗ ಮೇಲ್ಮನವಿಯಲ್ಲಿ ರದ್ದಾಗಿದೆ. ತೆರಿಗೆ ಸಕಾಲಕ್ಕೆ ಸಂದಾಯವಾಗಿತ್ತು ಎಂಬ ನನ್ನ ವಾದಕ್ಕೆ ಬೆಲೆ ಸಿಗಲಿಲ್ಲ, ಏಕೆಂದರೆ ಆದಾಯ ತೆರಿಗೆ ಕಾಯ್ದೆಯ 234ಇ ಕಲಮಿನ ದಿನಕ್ಕೆ ₹200ರ ಶುಲ್ಕ ವಿವರಪಟ್ಟಿಯ ವಿಳಂಬಕ್ಕೆ ಸಂಬಂಧಿಸಿದ್ದು. ತೆರಿಗೆ ಪಾವತಿಯ ವಿಳಂಬಕ್ಕೆ ಬಡ್ಡಿ ಬೇರೆಯೇ ಇದೆ. ನನ್ನನ್ನು ಕಾಪಾಡಿದ್ದು ದಿನಾಂಕ. ಶುಲ್ಕದ ಕಲಮು 2012ರ ಜುಲೈ 1ರಿಂದಲೇ ಜಾರಿಯಲ್ಲಿದ್ದರೂ, ವಿವರಪಟ್ಟಿಯನ್ನು ಸಂಸ್ಕರಿಸುವಾಗ ಅದನ್ನು ಲೆಕ್ಕಹಾಕಿ ವಸೂಲಿಗೆ ಸೂಚಿಸುವ ಅಧಿಕಾರ 200ಎ ಕಲಮಿಗೆ ಸೇರಿದ್ದು 2015ರ ಜೂನ್ 1ರಂದು. ಅದಕ್ಕೂ ಹಿಂದಿನ ಅವಧಿಗೆ ಇಂಥ ಬೇಡಿಕೆ ಊರ್ಜಿತವಲ್ಲವೆಂದು ಕರ್ನಾಟಕ ಹೈಕೋರ್ಟ್ 2016ರಲ್ಲಿ ಫತೇರಾಜ್ ಸಿಂಘ್ವಿ ಪ್ರಕರಣದಲ್ಲಿ ತೀರ್ಪಿತ್ತಿದೆ.

ಮೇಲ್ಮನವಿಗೆ 30 ದಿನಗಳ ಗಡುವು ಮೀರಿತ್ತು. ಆದ್ದರಿಂದ ನೋಟಿಸ್ ನನ್ನ ಗಮನಕ್ಕೆ ಬಂದ ಬಗೆಯನ್ನು ದಿನಾಂಕ ಸಮೇತ ವಿವರಿಸಿ, ವಿಳಂಬ ಮನ್ನಾ ಮಾಡುವಂತೆ ಪ್ರತ್ಯೇಕ ಅರ್ಜಿಯನ್ನು ಜೊತೆಗಿರಿಸಿದೆ. ಅದನ್ನು ಒಪ್ಪದಿದ್ದರೆ ತೀರ್ಪಿನ ಮಾತೇ ಬರುತ್ತಿರಲಿಲ್ಲ. ನಿಜಕ್ಕೂ ಆತಂಕದ ದಿನಗಳವು.

ಗುಜರಾತ್ ಹೈಕೋರ್ಟ್ ಇದಕ್ಕೆ ವಿರುದ್ಧವಾದ ನಿಲುವು ತಳೆದಿರುವುದರಿಂದ ಅಲ್ಲಿನವರು ಇದನ್ನೇ ನೆಚ್ಚಿಕೊಳ್ಳುವಂತಿಲ್ಲ. 2015ರ ಜೂನ್ ನಂತರದ ತ್ರೈಮಾಸಿಕಗಳಿಗೂ ಈ ಆಧಾರ ಸಲ್ಲದು. ಅಂಥ ಒಂದು ನೋಟಿಸ್ ನನಗೂ ಬಂದಿತ್ತು: 35 ದಿನಕ್ಕೆ ₹7,000 ಆಗಬೇಕಿತ್ತು, ಆದರೆ ಶುಲ್ಕವು ಕಡಿತಗೊಳಿಸಬೇಕಾದ ತೆರಿಗೆಯನ್ನು ಮೀರುವಂತಿಲ್ಲವಾದ್ದರಿಂದ ₹3,000ಕ್ಕೆ ನಿಂತಿತು. ಅದನ್ನು ಕಟ್ಟಿದ್ದೇನೆ.