ಶಾಕ್ ಹೊಡೀತಿದೆ ಅಂದ ದೂರು P4, ಡೆಲಿವರಿ ಲೇಟು ಅಂದದ್ದು P1: ಆದ್ಯತೆ ಎಲ್ಲಿ ತಪ್ಪುತ್ತಿದೆ?

ಸರಸ್ವತಿಪುರಂ

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಗೀಸರ್ ತಯಾರಿಸುವ ಸಣ್ಣ ಕಂಪನಿಯೊಂದರ ಸಪೋರ್ಟ್ ಟೀಮಿನಲ್ಲಿದ್ದೇನೆ. ಸೋಷಿಯಲ್ ಮೀಡಿಯಾದಲ್ಲಿ ಯಾರಾದರೂ ನಮ್ಮ ಹೆಸರು ಹಾಕಿ ಬೈದರೆ ಒಂದು ಪೈಥಾನ್ ಸ್ಕ್ರಿಪ್ಟ್ ಅದನ್ನು ಹಿಡಿದು ಟಿಕೆಟ್ ಮಾಡುತ್ತದೆ. ನೆಗೆಟಿವ್ ಸ್ಕೋರನ್ನು ಫಾಲೋವರ್ಸ್ ಸಂಖ್ಯೆಯಿಂದ ಗುಣಿಸಿ P1ರಿಂದ P4ವರೆಗೆ ಆದ್ಯತೆ ಕೊಡುತ್ತದೆ, P1 ಅಂದರೆ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು.

ಮೊನ್ನೆ ಎರಡು ಪೋಸ್ಟ್ ಬಂದವು. 80,000 ಫಾಲೋವರ್ಸ್ ಇರುವ ಪೇಜೊಂದು "ವಾರ ಆಯ್ತು, ಡೆಲಿವರಿ ಇಲ್ಲ" ಅಂತ ಹಾಕಿತ್ತು. ಸ್ಕೋರ್ 0.6, ಗುಣಿಸಿದರೆ 48,000, ಅದು P1. ಇನ್ನೊಬ್ಬರಿಗೆ ಇರೋದು 120 ಫಾಲೋವರ್ಸ್. ಅವರು ಬರೆದದ್ದು: "ನಲ್ಲಿ ಮುಟ್ಟಿದ್ರೆ ಶಾಕ್ ಹೊಡೀತಿದೆ, ಮನೇಲಿ ಮಗು ಇದೆ". ಸ್ಕೋರ್ 0.7, ಬಂದದ್ದು ಬರೀ 84, ಅದು P4. ಸಂಜೆವರೆಗೂ ಯಾರೂ ನೋಡಿಲ್ಲ. ಅಪಾಯದ ಪದ ಸಿಕ್ಕರೆ ನೇರ P1 ಮಾಡೋ ರೂಲ್ ಇದ್ದೂ ಹೀಗಾಯಿತು.

```python
re.search(r"\bಶಾಕ್\b", post)
```

ಇಂಗ್ಲಿಷ್ ಪದಗಳಿಗೆ ಇದೇ ತರಹದ ರೂಲ್ ಚೆನ್ನಾಗಿ ಕೆಲಸ ಮಾಡುತ್ತಿದೆ. ಕನ್ನಡಕ್ಕೆ ಮಾತ್ರ ಯಾಕಿಲ್ಲ?

ಲಾಗ್‌ಪ್ರಿಯ

ಫಾಲೋವರ್ಸನ್ನು ಹಾಗೇ ಗುಣಿಸಬಾರದು ಗುರು, `log10` ತಗೊಳ್ಳಿ. ಆಗ ದೊಡ್ಡ ಪೇಜುಗಳ ಆಟ ನಡೆಯಲ್ಲ.

ಮಂಡ್ಯ ಬೆಲ್ಲ

ನಮ್ಮದು ಆನ್‌ಲೈನಿನಲ್ಲಿ ಬೆಲ್ಲ ಮಾರೋ ಅಂಗಡಿ. ನಮ್ಮಲ್ಲಿ ಉಲ್ಟಾ ಸಮಸ್ಯೆ ಸರ್. "ಇವರ ಬೆಲ್ಲದಲ್ಲಿ ಮೋಸ ಇಲ್ಲ" ಅಂತ ಯಾರೋ ಹೊಗಳಿದರೆ, "ಮೋಸ" ಅನ್ನೋ ಪದ ನೋಡಿ ಟಿಕೆಟ್ ಆಗುತ್ತದೆ. ಇಂಥ ಕಾಮೆಂಟು ಡಿಲೀಟ್ ಮಾಡೋದು ಹೇಗೆ?

ರಾತ್ರಿಪಾಳಿ

ಲಾಗ್ ತಗೊಂಡು ಲೆಕ್ಕ ಹಾಕಿ ನೋಡೋಣ. 80,000ಕ್ಕೆ 4.9, ಅದನ್ನು 0.6ರಿಂದ ಗುಣಿಸಿದರೆ 2.9. 120ಕ್ಕೆ 2.1, 0.7ರಿಂದ ಗುಣಿಸಿದರೆ 1.5. ಅಂತರ ಕಮ್ಮಿಯಾಯಿತು, ಆದರೆ ಡೆಲಿವರಿ ಪೋಸ್ಟೇ ಮೇಲಿದೆ. ಎಷ್ಟು ಬೈದಿದ್ದಾರೆ ಅನ್ನೋದು ಬೇರೆ, ಏನಾಗಿದೆ ಅನ್ನೋದು ಬೇರೆ. ನೆಗೆಟಿವ್ ಸ್ಕೋರ್ ಹೇಳೋದು ಮೊದಲನೆಯದನ್ನು ಮಾತ್ರ.

ಅದಕ್ಕೇ ಗುಣಾಕಾರ ಬಿಡಿ. ಟಿಕೆಟ್ ಯಾವ ಮಟ್ಟದಲ್ಲಿ ಶುರುವಾಗಬೇಕು ಅಂತ ಪದಗಳು ಹೇಳಲಿ. ಜೀವಕ್ಕೆ ಅಪಾಯ ಇದ್ದರೆ P1. ದುಡ್ಡು ಸಿಕ್ಕಿಹಾಕಿಕೊಂಡಿದ್ದರೆ, ಕೆಟ್ಟುಹೋಗಿದ್ದರೆ P3. ಬರೀ ಬೇಸರ ಆಗಿದ್ದರೆ P4. ಪೋಸ್ಟ್ ತುಂಬಾ ಜನಕ್ಕೆ ತಲುಪಿದ್ದರೆ ಒಂದೇ ಒಂದು ಮೆಟ್ಟಿಲು ಏರಿಸಿ, ಅದೂ P2 ದಾಟಬಾರದು. ನಿಮ್ಮ ಡೆಲಿವರಿ ಪೋಸ್ಟ್ P3ರಿಂದ P2ಗೆ ಬರುತ್ತದೆ, ಅಷ್ಟು ಸಾಕು. ಶಾಕ್ ದೂರು 12 ಫಾಲೋವರ್ಸ್ ಇದ್ದವರಿಂದ ಬಂದರೂ P1.

ಇನ್ನು ರೂಲ್ ಯಾಕೆ ಹಿಡಿಯಲಿಲ್ಲ ಅಂದರೆ, ತೊಂದರೆ ಪದದ ಗಡಿ ಹುಡುಕೋ `\b`ಯಲ್ಲಿದೆ. ಪೈಥಾನಿನ `re` ನಮ್ಮ ಗುಣಿತದ ಚಿಹ್ನೆಗಳನ್ನೂ ಅರ್ಧಾಕ್ಷರದ ಚಿಹ್ನೆಯನ್ನೂ ಪದದ ಭಾಗ ಅಂತ ಎಣಿಸುವುದಿಲ್ಲ. "ಶಾಕ್" ಮುಗಿಯೋದೇ ಆ ಚಿಹ್ನೆಯಲ್ಲಿ. ಅದರ ಮುಂದೆ ಸ್ಪೇಸ್. ಎರಡೂ ಪದದ ಹೊರಗಿನವು ಅಂತಾದ ಮೇಲೆ ಅಲ್ಲಿ ಗಡಿಯೇ ಇಲ್ಲ. ಬೇಕಿದ್ದರೆ "ಶಾಕ್ಗೆ" ಅಂತ ಕೂಡಿಸಿ ಬರೆದು ನೋಡಿ, ಆಗ ಹಿಡಿಯುತ್ತದೆ!

```python
t = unicodedata.normalize("NFC", post)
t = t.replace("\u200c", "")
re.search(r"ಶಾಕ್\s*ಹೊಡ", t)
```

`\u200c` ಕಣ್ಣಿಗೆ ಕಾಣಲ್ಲ, ಆದರೆ ಕೆಲವು ಕೀಬೋರ್ಡುಗಳು ಅರ್ಧಾಕ್ಷರದ ಮುಂದೆ ಅದನ್ನು ಸೇರಿಸುತ್ತವೆ. ಅದಕ್ಕೇ ಮೊದಲು ತೆಗೆಯೋದು. ಕೊನೆಗೆ "ಹೊಡ" ಅಂತ ಬಿಟ್ಟರೆ ಹೊಡೀತಿದೆ, ಹೊಡೆಯಿತು, ಹೊಡೀತು ಎಲ್ಲವೂ ಸಿಗುತ್ತವೆ. "ಬೆಲೆ ನೋಡಿ ಶಾಕ್ ಆಯ್ತು" ಅನ್ನೋದು ತಾನಾಗೇ ಬಿಟ್ಟುಹೋಗುತ್ತದೆ.

ಬೆಲ್ಲದ ಅಣ್ಣಾವ್ರೇ, ಹೊಗಳಿದ್ದನ್ನು ಯಾಕೆ ಡಿಲೀಟ್ ಮಾಡ್ತೀರಾ? ಕನ್ನಡದಲ್ಲಿ "ಇಲ್ಲ" ಪದದ ಆಮೇಲೆ ಬರುತ್ತದೆ. "ಮೋಸ" ಸಿಕ್ಕರೆ ಅದರ ಮುಂದಿನ ಎರಡು ಪದ ನೋಡಿ, "ಇಲ್ಲ" ಇದ್ದರೆ ಟಿಕೆಟ್ ಬೇಡ. ಆದರೆ ಅಪಾಯದ ಪದಗಳಿಗೆ ಈ ವಿನಾಯಿತಿ ಕೊಡಬೇಡಿ.

ಸರಸ್ವತಿಪುರಂ

ತುಂಬಾ ಥ್ಯಾಂಕ್ಸ್. ಹಳೇ ಪೋಸ್ಟುಗಳ ಮೇಲೆ ಓಡಿಸಿದೆ, ಆ ದೂರು P1ಗೆ ಬಂತು. ಆದರೆ "ಬೆಲೆ ಕೇಳಿ ಶಾಕ್ ಹೊಡೆದಂಗಾಯ್ತು" ಅಂದದ್ದೂ P1 ಆಗಿದೆ. ಇನ್ನೊಂದು, ಕೆಲವು ಪೋಸ್ಟುಗಳಿಗೆ ವ್ಯೂಸ್ ಎಷ್ಟು ಅಂತ ಬರೋದೇ ಇಲ್ಲ, ಖಾಲಿ ಇರುತ್ತದೆ. ಸ್ಕ್ರಿಪ್ಟ್ ಅದನ್ನು ಸೊನ್ನೆ ಅಂದುಕೊಳ್ಳುತ್ತದೆ.

ರಾತ್ರಿಪಾಳಿ

ಮೊದಲನೆಯದು ಬರಲಿ ಬಿಡಿ. ಒಬ್ಬರು ಓದಿ ಮುಚ್ಚಿದರೆ ಆಯಿತು. ನಿಜವಾದ ಶಾಕ್ ದೂರು ಒಂದು ತಪ್ಪಿದರೆ ಆ ನಷ್ಟ ಯಾರೂ ತುಂಬಿಕೊಡಲ್ಲ. P1 ಟಿಕೆಟ್ ತೆರೆದ ಕೂಡಲೇ "ಮೇನ್ ಸ್ವಿಚ್ ಆಫ್ ಮಾಡಿ, ಗೀಸರ್ ಬಳಸಬೇಡಿ" ಅನ್ನೋ ಉತ್ತರ ಏಜೆಂಟ್ ಕೈಗೆ ಸಿದ್ಧ ಸಿಗಬೇಕು.

ವ್ಯೂಸ್ ಖಾಲಿ ಇದ್ದರೆ ಸೊನ್ನೆ ಅನ್ನಬೇಡಿ, "ಗೊತ್ತಿಲ್ಲ" ಅಂತ ಇಡಿ. ಗಂಟೆ ಬಿಟ್ಟು ಮತ್ತೆ ಕೇಳಿ. ಆಗ ಹೊಸ ಟಿಕೆಟ್ ಮಾಡದೆ ಪೋಸ್ಟ್ ಐಡಿ ನೋಡಿ ಹಳೇದನ್ನೇ ಏರಿಸಿ. ಇಲ್ಲದಿದ್ದರೆ ಒಂದೇ ದೂರಿಗೆ ಇಬ್ಬರು ಎರಡು ಉತ್ತರ ಕೊಡ್ತಾರೆ.

ಲಾಗ್‌ಪ್ರಿಯ

ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯೋರನ್ನು ಏನು ಮಾಡ್ತೀರಾ? `shock hoditide`, `shock hodithide`, `shok hodeetu`, ಒಬ್ಬೊಬ್ಬರದು ಒಂದೊಂದು ತರ.

ರಾತ್ರಿಪಾಳಿ

`sho?c?k\s*hod` ಇಂದ ಈ ಮೂರೂ ಸಿಗುತ್ತವೆ. ಅದರಾಚೆಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ತಪ್ಪಿಸಿಕೊಂಡ ಪೋಸ್ಟುಗಳನ್ನು ವಾರಕ್ಕೊಮ್ಮೆ ಓದಿ ಪಟ್ಟಿಗೆ ಸೇರಿಸ್ತಾ ಇದ್ದೇವೆ. ಬೇರೆ ದಾರಿ ಗೊತ್ತಿರೋರು ಬರೀರಿ.